ಕುಬಸ ನಿರ್ಣಯ ಸೂತ್ರಭಾಷ್ಯ

ಸೂತ್ರ: ಸೀರೆ ಬಂದ ಮೇಲೆ ಕುಬಸದ ಜಿಜ್ಞಾಸೆ.

ಭಾಷ್ಯ: ‘ಬಂದ ಮೇಲೆ’ ಎಂದಿರುವುದರಿಂದ ಸೀರೆಯ ಬಣ್ಣ ಚರ್ಚೆಗೆ ಹೊರತು ಎಂದು ತಿಳಿಯತಕ್ಕದ್ದು. ಅದು ತವರಿನಿಂದ ಬಂದಿರುತ್ತದೆ, ಇಲ್ಲವೇ ಬೀಗರು ಆಯೇರಿ ಮಾಡಿರುತ್ತಾರೆ. ಎರಡರಲ್ಲೂ ಉಡುವವಳನ್ನು ಯಾರೂ ಕೇಳಿರುವುದಿಲ್ಲ. ಆದ್ದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಸಮಸ್ತ ವರ್ಣಶಾಸ್ತ್ರವೂ 80 ಸೆಂಟಿಮೀಟರ್ ಕುಬಸದ ಬಟ್ಟೆಯ ಮೇಲೆ ನಿಂತಿದೆ. ಆ ಶಾಸ್ತ್ರದ ವಿದ್ಯಾಪೀಠಕ್ಕೆ ಮ್ಯಾಚಿಂಗ್ ಸೆಂಟರ್ ಎಂದು ಹೆಸರು. ಮರಳಿಯಂಥ ಹಳ್ಳಿಯವರು ಅದಕ್ಕಾಗಿ ಗಂಗಾವತಿಗೆ ಬರುತ್ತಾರೆ.

ಇನ್ನು ಪೂರ್ವಪಕ್ಷ. ಬೆಳಕಿನ ಏಳು ಬಣ್ಣಗಳನ್ನು ಬಗ್ಗಿಸಿ ಬಳೆ ಮಾಡಿದವರು ನ್ಯೂಟನಾಚಾರ್ಯರು, 1704ರಲ್ಲಿ. ಅದನ್ನು ಹನ್ನೆರಡು ಮನೆಗಳ ಚಕ್ರವಾಗಿ ಶಾಲೆಗಳಿಗೆ ಹಬ್ಬಿಸಿದವರು ಜರ್ಮನಿಯ ಬೌಹೌಸ್‌ನಲ್ಲಿ ಪಾಠ ಹೇಳಿದ ಯೊಹಾನೆಸ್ ಇಟ್ಟನ್. ಹನ್ನೆರಡು ಮನೆಯ ಕುಂಡಲಿ ನಮ್ಮ ಸೀಮೆಗೆ ಹೊಸದೇನಲ್ಲ. ಇದರಲ್ಲಿಯೂ ಏಳನೆಯ ಮನೆಯೇ ಎದುರುಮನೆ. ಕೆಂಪಿಗೆ ಹಸಿರು, ಹಳದಿಗೆ ನೇರಳೆ, ನೀಲಿಗೆ ಕಿತ್ತಳೆ ಎದುರಾಗುತ್ತವೆ. ಇವು ವಿರುದ್ಧ ಬಣ್ಣಗಳು. ಪಕ್ಕಪಕ್ಕದ ಮನೆಯವು ನೆರೆ ಬಣ್ಣಗಳು. ಎದುರಿನವು ಒಂದನ್ನೊಂದು ಎತ್ತಿ ತೋರಿಸುತ್ತವೆ, ನೆರೆಯವು ಒಂದರೊಳಗೊಂದು ಇಳಿದುಹೋಗುತ್ತವೆ. ಇಲ್ಲಿಗೆ ಪೂರ್ವಪಕ್ಷ ಮುಗಿಯಿತು. ಇಟ್ಟನ್ನರು ಇಳಕಲ್ ಸೀರೆ ಕಂಡಿದ್ದರೆ ಇಷ್ಟು ಬೇಗ ಮುಗಿಯುತ್ತಿರಲಿಲ್ಲ.

ಸೂತ್ರ: ಸೆರಗೇ ಧ್ರುವ.

ಭಾಷ್ಯ: ಕುಷ್ಟಗಿ ದಾಟಿದರೆ ಇಳಕಲ್ಲು. ಅಲ್ಲಿಯ ಸೀರೆಯ ಒಡಲು ದಾಳಿಂಬರಿ ಇರಲಿ, ಗಿಳಿಹಸಿರು ಇರಲಿ, ನವಿಲುಹಸಿರು ಇರಲಿ, ಕಪ್ಪು ಚಂದ್ರಕಾಳಿಯೇ ಇರಲಿ, ಟೋಪು ತೆನೆ ಸೆರಗು ಮಾತ್ರ ಕೆಂಪು, ನಡುವೆ ಬಿಳಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿಗೆ ಕೊಂಡಿ ಸಿಕ್ಕಿಸಿ ಕೂಡಿಸುತ್ತಾರೆ. ಅಂದಮೇಲೆ ಚಕ್ರದ ಒಂದು ಮನೆಯಲ್ಲಿ ನೇಕಾರ ಮೊದಲೇ ಗೂಟ ಹೊಡೆದಿದ್ದಾನೆ. ಒಡಲು ಹಸಿರಾದರೆ ಸೀರೆ ವಿರುದ್ಧ ಜೋಡಿ, ದಾಳಿಂಬರಿಯಾದರೆ ನೆರೆ ಜೋಡಿ. ಕುಬಸಕ್ಕೆ ಉಳಿಯುವುದು ಒಡಲಿನ ಪಕ್ಷ ಸೇರಬೇಕೋ ಸೆರಗಿನ ಪಕ್ಷ ಸೇರಬೇಕೋ ಎಂಬುದಷ್ಟೇ.

ಹಸಿರುಗಳಲ್ಲಿ ಯಾವುದು ಕೆಂಪಿನ ನಿಜವಾದ ಎದುರಾಳಿ ಎಂಬಲ್ಲಿ ಪಂಡಿತರಿಗೆ ಭಿನ್ನಮತವಿದೆ. ಇಟ್ಟನ್ನರ ಚಕ್ರ ಎಲೆಹಸಿರು ಎನ್ನುತ್ತದೆ. ಪರೀಕ್ಷೆ ಸುಲಭ. ಸೆರಗಿನ ಕೆಂಪನ್ನು ಕಣ್ಣು ಪಿಳುಕಿಸದೆ ಅರ್ಧ ನಿಮಿಷ ನೋಡಿ, ಆಮೇಲೆ ಸುಣ್ಣದ ಗೋಡೆ ನೋಡಿರಿ. ಗೋಡೆಯ ಮೇಲೆ ತೇಲುವುದು ಎಲೆಹಸಿರಲ್ಲ, ನೀಲಿಗೆ ವಾಲಿದ ನವಿಲುಹಸಿರು. ದಣಿದ ಕಣ್ಣು ತಾನೇ ಎದುರುಮನೆಯ ಬಣ್ಣವನ್ನು ಕರೆದು ತರುತ್ತದೆ. ಹೀಗೆ ನವಿಲುಹಸಿರಿನ ಇಳಕಲ್ ಸೀರೆ ಜರ್ಮನಿಯ ಚಕ್ರಕ್ಕಿಂತ ಒಂದು ಕೂದಲೆಳೆ ಹೆಚ್ಚು ಸರಿಯಾಗಿದೆ ಎಂದು ಈ ಭಾಷ್ಯಕಾರನ ಅಭಿಪ್ರಾಯ. ಇದರಲ್ಲಿ ಊರಾಭಿಮಾನ ಸ್ವಲ್ಪವೇ ಇದೆ.

ಆದರೆ ಎದುರುಮನೆಯವರು ಸರಿಸಮ ಬಲದಲ್ಲಿ ನಿಂತರೆ ಜಗಳ. ಕಡುಗೆಂಪು, ಕಡುಹಸಿರು ಎರಡೂ ಒಂದೇ ದಟ್ಟಣೆಯಲ್ಲಿ, ಒಂದೇ ಅಳತೆಯಲ್ಲಿ ಕೂಡಿದರೆ ಗೆರೆಯ ಮೇಲೆ ಕಣ್ಣು ನಿಲ್ಲುವುದಿಲ್ಲ, ಅಂಚು ಕುಣಿದಂತೆ ಕಾಣುತ್ತದೆ. ಗೊತ್ತುಮಾಡಿಕೊಳ್ಳಲು ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಬೇಕು. ಎರಡೂ ಒಂದೇ ಬೂದುಬಣ್ಣವಾದರೆ ಕುಣಿತ ಗ್ಯಾರಂಟಿ. ಇಳಕಲ್ ಸೀರೆಯಲ್ಲಿ ಒಡಲು ಬಹಳ, ಸೆರಗು ಕಡಿಮೆ, ಸೆರಗಿನ ಕೆಂಪಿನ ನಡುವೆ ಬಿಳಿಯ ತೆನೆ. ಆ ಬಿಳಿ ಇಬ್ಬರ ನಡುವೆ ಕೂತ ಹಿರಿಯನ ಕೆಲಸ ಮಾಡುತ್ತದೆ.

ಈಗ ಉದಾಹರಣೆ. ಗಿಳಿಹಸಿರಿನ ಒಡಲು, ಕೆಂಪು ದಡಿ, ಟೋಪು ತೆನೆ ಸೆರಗು. ಅಕ್ಕ ಕೈಚೀಲದಿಂದ ಸೀರೆ ತೆಗೆದು ಗಾದಿಯ ಮೇಲೆ ಹಾಕುತ್ತಾಳೆ.

“ಅಣ್ಣಾರ, ಇದಕ ದಡೀ ಬಣ್ಣದ್ದ ತೋರಸ್ರಿ.”

“ಬರ್ರಿ ಅಕ್ಕಾರ, ಕೆಂಪನ್ಯಾಗ ಎಷ್ಟರ ಬೇಕ್ರಿ?”

ಇದು ಮೊದಲ ಸಿದ್ಧಾಂತಸಂಕಟ. ಮ್ಯಾಚಿಂಗ್ ಸೆಂಟರಿನ ಗೋಡೆಯ ಮೇಲೆ ಟು ಬೈ ಟು ಥಾನುಗಳು ಸಾಲಾಗಿ ನಿಂತಿವೆ. ಕೆಂಪೊಂದರಲ್ಲೇ ಒಂದು ಅಟ್ಟಣಿಗೆ. ಅಂಗಡಿಯವನು ದಡಿಗೆ ಹಚ್ಚಿ ಹಚ್ಚಿ ಒಂದನ್ನು ಹಿಡಿಯುತ್ತಾನೆ. ಹೆಚ್ಚು ಕಡಿಮೆ ಅದೇ ಬಣ್ಣ. ‘ಹೆಚ್ಚು ಕಡಿಮೆ’ ಎಂಬುದೇ ಈ ಶಾಸ್ತ್ರದ ಪರಮ ದೋಷ. ನೆರೆ ಬಣ್ಣವೆಂದರೆ ಚಕ್ರದಲ್ಲಿ ಒಂದು ಪೂರ್ತಿ ಮನೆಯ ಅಂತರ. ಅದಕ್ಕಿಂತ ಹತ್ತಿರ ಬಂದು, ಒಂದೂ ಆಗದೆ ನಿಂತರೆ, ನೋಡುವವರಿಗೆ ನೆರೆಯಂತೆ ಕಾಣುವುದಿಲ್ಲ, ಮ್ಯಾಚಿಂಗ್ ತಪ್ಪಿದಂತೆ ಕಾಣುತ್ತದೆ. ಮದುವೆ ಪಂಗತಿಯಲ್ಲಿ ಅದನ್ನು ಹೇಳುವವರು ಇದ್ದೇ ಇರುತ್ತಾರೆ.

ಅಕ್ಕ ಇದನ್ನೆಲ್ಲ ಓದಿಲ್ಲ. ಸೀರೆ, ತುಂಡು ಎರಡನ್ನೂ ಎತ್ತಿಕೊಂಡು ಅಂಗಡಿಯ ಮೆಟ್ಟಿಲಿಗೆ ಹೋಗಿ ಬಿಸಿಲಿಗೆ ಹಿಡಿಯುತ್ತಾಳೆ. ಒಳಗೆ ಟ್ಯೂಬ್‌ಲೈಟಿನಡಿ ಒಂದಾಗಿದ್ದ ಕೆಂಪುಗಳು ಹೊರಗೆ ಬೇರೆಯಾಗುತ್ತವೆ. ದಡಿಯ ನೂಲೇ ಬೇರೆ, ಕುಬಸದ ಹತ್ತಿಯೇ ಬೇರೆ, ಹಾಕಿದ ಬಣ್ಣಗಳೂ ಬೇರೆ. ಒಂದು ಬೆಳಕಿನಲ್ಲಿ ಕೂಡಿದ್ದು ಇನ್ನೊಂದರಲ್ಲಿ ಕೂಡಲೇಬೇಕೆಂದಿಲ್ಲ.

“ಇದು ಕಿತ್ತಳಿ ಹೊಡಿತೈತ್ರಿ, ಬ್ಯಾಡ.”

ಅಪ್ಪಟ ಅದೇ ಕೆಂಪು ಸಿಕ್ಕಿತೆನ್ನಿ. ಆಗ ಇನ್ನೊಂದು ತೊಡಕು. ಸೆರಗು ಹೆಗಲ ಮೇಲೆ ಬಿದ್ದಲ್ಲಿ ಕೆಂಪಿನ ಮೇಲೆ ಕೆಂಪು, ತೋಳು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಶುರುವಾಯಿತು ತಿಳಿಯದು. ನೇಕಾರ ಅಷ್ಟು ಕೊಂಡಿ ಹಾಕಿದ್ದು ನೀರಿನಲ್ಲಿ ಹೋಮ. ಕೊನೆಗೆ ಅಂಗಡಿಯವನು ಕೆಳಗಿನ ಸಾಲಿನಿಂದ ಕಡು ಮರೂನ್ ಎಳೆಯುತ್ತಾನೆ. ಕೆಂಪಿನ ಕಡೆಯದೇ, ಆದ್ದರಿಂದ ಹಸಿರಿಗೆ ಎದುರಾಳಿಯೇ. ಆದರೆ ಕಪ್ಪಿಗೆ ಇಳಿದಿರುವುದರಿಂದ ಸೆರಗು ಅದರ ಮೇಲೆ ಎದ್ದು ಕಾಣುತ್ತದೆ, ಒಡಲಿನೊಡನೆ ಕುಣಿಯುವುದೂ ಇಲ್ಲ. ಒಡಲಿನ ಪಕ್ಷ ಸೇರುವವರಿಗೆ ಅರಿಸಿನ ಹಳದಿ ಇದೆ. ಗಿಳಿಹಸಿರಿಗೆ ಅದು ನೆರೆ, ಸೆರಗಿನ ಕೆಂಪಿನಿಂದ ದೂರ. ಅಕ್ಕ ಮರೂನ್ ಒಯ್ದಳು. ಹಳದಿ ಜಾತ್ರಿಗೆ ಛಲೋ, ದಿನಕ್ಕ ಮಾಸತೈತಿ ಎಂಬ ಅವಳ ವಾರ್ತಿಕವನ್ನು ಯಾವ ಚಕ್ರದಲ್ಲೂ ಬರೆದಿಲ್ಲ.

ಸೂತ್ರ: ಬಣ್ಣಕ್ಕೆ ದೋಷವಿಲ್ಲ, ನೆರೆಗೆ ಇದೆ.

ಭಾಷ್ಯ: ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಮನೆ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಿಗೆ ಕಪ್ಪು ನೂಲು ಗಟ್ಟಿಯಿಲ್ಲ ಎಂದು ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ಐಬಿಲ್ಲ. ಪಕ್ಕದ ನೀಲಿ, ನೇರಳೆ ಎಳೆಗಳು ಕಪ್ಪನ್ನು ಸಪ್ಪೆ ಮಾಡುತ್ತಿದ್ದವು. 1839ರಲ್ಲಿ ಆತ ಇದರ ಮೇಲೆ ದಪ್ಪ ಗ್ರಂಥವನ್ನೇ ಬರೆದ. ಚಂದ್ರಕಾಳಿಗೆ ಕಡುನೀಲಿ ಕುಬಸ ತೊಟ್ಟು, ಸೀರೆ ಬಣ್ಣ ಬಿಟ್ಟಿತೆಂದು ಅಂಗಡಿಗೆ ಜಗಳಕ್ಕೆ ಹೋಗುವವರು ಮೊದಲು ಕುಬಸ ಬದಲಿಸಿ ನೋಡತಕ್ಕದ್ದು.

ಪುರುಷಾಧ್ಯಾಯ: ಬಿಳಿ ಧೋತರ, ಬಿಳಿ ಅಂಗಿ. ಬಿಳಿಗೆ ಚಕ್ರದಲ್ಲಿ ಮನೆಯೇ ಇಲ್ಲ. ಅಧ್ಯಾಯ ಮುಗಿಯಿತು. ಪಟಗಾ ಕೆಂಪಾದರೆ ಪರಿಶಿಷ್ಟ ನೋಡಿ. ಪರಿಶಿಷ್ಟ ಬರೆದಿಲ್ಲ.

ಕೊನೆಯದು ಅಸ್ತರ ಪ್ರಕರಣ. ತೆಳು ಬಟ್ಟೆಯ ಕುಬಸಕ್ಕೆ ಬಿಳಿ ಅಸ್ತರ ಕೊಟ್ಟರೆ ಬಣ್ಣ ಏರುತ್ತದೆ, ಕಪ್ಪು ಕೊಟ್ಟರೆ ಇಳಿಯುತ್ತದೆ. ಬಿಸಿಲಿನಲ್ಲಿ ನಿಂತು ಆರಿಸಿದ ಮರೂನ್ ಇಲ್ಲಿ ಮತ್ತೊಮ್ಮೆ ಬೇರೆಯೇ ಬಣ್ಣವಾಗಬಹುದು. ಯಾವ ಅಸ್ತರ ಹಾಕಬೇಕೆಂಬುದನ್ನು ನಿರ್ಣಯಿಸುವವರು ದರ್ಜಿಗಳು. ಅವರನ್ನು ಕೇಳಲು ಹೋಗಿದ್ದೆ. ಮದುವೆ ಸೀಸನ್ ಮುಗಿದ ಮ್ಯಾಲ ಬರ್ರಿ ಅಂದಿದ್ದಾರೆ.