ಸಾಹೇಬರು ಕೂಗಿದ್ದೆಲ್ಲ ಅಪಾಯವಲ್ಲ

ನಮ್ಮ ಸಾಹೇಬರು ಸೈಟಿಗೆ ಹೋದರೆ ಪೆನ್ನು ಮುಟ್ಟುವುದಿಲ್ಲ. ಒಂದು ಕೈಯಲ್ಲಿ ಟೈಲ್ಸ್ ಕುಟ್ಟಿ ನೋಡುವ ಸರಳು, ಇನ್ನೊಂದರಲ್ಲಿ ಫೋನು. ನೋಡಿದ್ದನ್ನೆಲ್ಲ ಫೋನಿಗೆ ಹೇಳುತ್ತ ಅಪಾರ್ಟ್‌ಮೆಂಟಿನ ಮಹಡಿ ಮಹಡಿ ಹತ್ತುತ್ತಾರೆ. ಸಂಜೆ ಆ ಮಾತೆಲ್ಲ ವಾಟ್ಸಾಪಿನಲ್ಲಿ ನನ್ನ ತಲೆಯ ಮೇಲೆ ಬೀಳುತ್ತದೆ. ಯಾವ ಮನೆ, ಯಾವ ಕೋಣೆ, ಏನು ದೋಷ, ಎಷ್ಟು ಗಂಭೀರ ಎಂದು ಬಿಡಿಸಿ, ಬೆಳಗಾಗುವುದರೊಳಗೆ ಸ್ನ್ಯಾಗ್ ಲಿಸ್ಟ್ ಮಾಡಿ ಮೇಸ್ತ್ರಿಗಳ ಕೈಗಿಡುವುದು ನನ್ನ ಪಾಲು.

ಜಾಗ ಹಿಡಿಯುವುದೇ ಮೊದಲ ಪಾಡು. "ಇಲ್ಲಿ ಎಡಗಡೆ ಟೊಳ್ಳು, ಬರ್ಕೋ" ಎನ್ನುತ್ತಾರೆ. ಎಡಗಡೆ ಸರಿ, ಆದರೆ ಸಾಹೇಬರು ಯಾವ ಕಡೆ ತಿರುಗಿ ನಿಂತಿದ್ದರು? ಹಾಗಾಗಿ ನನ್ನ ಪಟ್ಟಿಯಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಕೋಣೆಯ ಬಾಗಿಲಲ್ಲಿ ಒಳಮುಖವಾಗಿ ನಿಂತರೆ ಎಡಕ್ಕಿರುವುದು ಒಂದನೇ ಗೋಡೆ, ಎದುರಿನದು ಎರಡನೆಯದು, ಬಲದ್ದು ಮೂರು, ಬಾಗಿಲಿರುವುದು ನಾಲ್ಕು. ಸಾಹೇಬರು ತೆಗೆದ ಫೋಟೋದ ಸಮಯವನ್ನೂ ದನಿಯ ಸಮಯವನ್ನೂ ಪಕ್ಕಪಕ್ಕ ಇಟ್ಟರೆ ಅವರ 'ಎಡ' ಯಾವ ಗೋಡೆ ಎಂಬುದು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಸಿಗದಿದ್ದರೆ ಊಹೆ ಮಾಡುವುದಿಲ್ಲ, 'ಕೇಳಬೇಕು' ಎಂದು ಬರೆದಿಡುತ್ತೇನೆ. ಊಹಿಸಿ ಬರೆದ ಗೋಡೆಯ ಮುಂದೆ ಮೇಸ್ತ್ರಿ ಉಳಿ ಹಿಡಿದು ನಿಂತರೆ ಒಳ್ಳೆಯ ಟೈಲ್ಸ್ ಒಡೆಯುತ್ತದೆ.

ಗಂಭೀರತೆಯದು ಇನ್ನೊಂದು ಕಥೆ. ಸಾಹೇಬರ ದನಿಯನ್ನೇ ನಂಬಿದರೆ ನಮ್ಮ ಕಟ್ಟಡದ ಅತಿ ದೊಡ್ಡ ದುರಂತ ಹಾಲಿನ ಕಿಟಕಿ ಚೌಕಟ್ಟಿನ ಮೇಲೆ ಬಿದ್ದ ಪೇಂಟಿನ ಹನಿ. ಅದಕ್ಕೆ ಅವರು ಕೂಗಿದ ಕೂಗಿಗೆ ನನ್ನ ಇಯರ್‌ಫೋನ್ ಒದರಿತು. ಅದೇ ಉಸಿರಿನಲ್ಲಿ ಬಾಲ್ಕನಿಗೆ ಹೋಗಿ, "ರೇಲಿಂಗ್ ಸ್ವಲ್ಪ ಅಲ್ಲಾಡ್ತಿದೆ" ಎಂದು ಗೊಣಗಿ ಮುಂದೆ ನಡೆದರು. ಅದು ಮೂರನೇ ಮಹಡಿ! ನನ್ನ ಪಟ್ಟಿಯಲ್ಲಿ ಜೀವಕ್ಕೆ ಅಪಾಯವಾಗುವುದು ಎ, ಬಿಟ್ಟರೆ ದಿನೇದಿನೇ ಕೆಡುವುದು ಬಿ (ಹೆಚ್ಚಾಗಿ ನೀರಿನದು), ಬಳಕೆಗೆ ಅಡ್ಡಿಯಾಗುವುದು ಸಿ, ಕಣ್ಣಿಗೆ ಮಾತ್ರ ಚುಚ್ಚುವುದು ಡಿ. ರೇಲಿಂಗ್ ಎ ಆಯಿತು, ಪೇಂಟು ಡಿ.

ಹಿನ್ನೆಲೆಯ ಸದ್ದನ್ನೂ ಕೇಳಬೇಕು. ಅದೇ ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನ ಮುಂದೆ ನಿಂತು ಸಾಹೇಬರು, "ಆರ್‌ಸಿಸಿಬಿ ಬಟನ್ ಒತ್ತಿದೆ, ಬೀಳ್ತಿಲ್ಲ" ಎಂದರು. ಕರೆಂಟ್ ಸೋರಿದರೆ ಜೀವ ಉಳಿಸಬೇಕಾದ ಸ್ವಿಚ್ಚು ಅದು. ಕಣ್ಣು ಮುಚ್ಚಿ ಎ. ಆದರೆ ಮುಂದಿನ ದನಿಯಲ್ಲಿ ದೂರದಿಂದ ಯಾರೋ, "ಸಾರ್, ಈ ಮಹಡಿಗೆ ಲೈನ್ ಇನ್ನೂ ಕೊಟ್ಟಿಲ್ಲ" ಎನ್ನುತ್ತಾರೆ. ಆ ಪರೀಕ್ಷೆಯ ಬಟನ್ ಕೆಲಸ ಮಾಡಲು ಕರೆಂಟ್ ಬೇಕು. ಇಲ್ಲದಿದ್ದರೆ ಹೊಚ್ಚ ಹೊಸ ಸ್ವಿಚ್ಚೂ ಬೀಳುವುದಿಲ್ಲ. ಹಾಗೆಂದು ಸಾಲು ಅಳಿಸಲಿಲ್ಲ. 'ಲೈನ್ ಕೊಟ್ಟು ಮತ್ತೆ ಒತ್ತಿ ನೋಡುವುದು, ಅಲ್ಲಿಯವರೆಗೆ ಎ' ಎಂದು ಬರೆದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು 302ರ ಬಚ್ಚಲಿನ ಸೀಲಿಂಗು. "ಇಲ್ಲಿ ಕಲೆ ಇದೆ" ಎಂದಷ್ಟೇ ಹೇಳಿ ಸಾಹೇಬರು ಬಾಗಿಲು ಎಳೆದುಕೊಂಡಿದ್ದರು. ಕೇಳಿದ್ದನ್ನು ಕೇಳಿದ ಹಾಗೆ ಬರೆದರೆ ಅದು 302, ಸೀಲಿಂಗ್, ಕಲೆ. ಪೇಂಟರ್ ಬರುತ್ತಾನೆ, ಪುಟ್ಟಿ ಬಳಿಯುತ್ತಾನೆ, ಟಿಕ್ ಹಾಕುತ್ತಾನೆ. ಹ್ಯಾಂಡೋವರ್ ಆಗಿ ಗೃಹಪ್ರವೇಶದ ಹಾಲು ಉಕ್ಕುವ ಹೊತ್ತಿಗೆ ಕಲೆಯೂ ಮತ್ತೆ ಉಕ್ಕುತ್ತದೆ. ಕಾಯಿಲೆ ಇರುವುದು ಮೇಲಿನ 402ರಲ್ಲಿ. ಅಲ್ಲಿ ಬಚ್ಚಲಿನ ಸ್ಲ್ಯಾಬ್ ತಗ್ಗಿಸಿ, ಪೈಪು ಹಾಯಿಸಿ, ಮೇಲೆ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಹಾಕಿರುತ್ತಾರೆ. ಆ ಚೂರುಗಳೆಲ್ಲ ನೀರು ಕುಡಿದು ಕೂತಿರುವುದರಿಂದ, ನಲ್ಲಿ ಬಂದ್ ಮಾಡಿದ ಮೇಲೂ ಕೆಲವು ದಿನ ಕೆಳಗೆ ತೊಟ್ಟಿಕ್ಕುತ್ತದೆ. "ನಾವು ನೀರೇ ಬಿಟ್ಟಿಲ್ಲ ಸಾರ್" ಎನ್ನುವ ಪ್ಲಂಬರ್ ಸುಳ್ಳು ಹೇಳುತ್ತಿಲ್ಲ, ಆದರೂ ಆ ಮಾತಿಗೆ ಬೆಲೆಯಿಲ್ಲ.

ಒಂದೇ ಕಲೆಗೆ ಆದ್ದರಿಂದ ಎರಡು ಸಾಲು. 402ರದ್ದು ಬಿ, ಪ್ಲಂಬರ್ ಪಾಲಿಗೆ: ಒಳಗಿನ ಪೈಪುಗಳನ್ನು ಒತ್ತಡ ಕೊಟ್ಟು ನೋಡುವುದು, ಅವು ಸರಿಯಿದ್ದರೆ ನೆಲದ ನಹಾನಿ ಟ್ರ್ಯಾಪ್ ಮುಚ್ಚಿ ನೀರು ನಿಲ್ಲಿಸಿ, ಎರಡು ದಿನ ಕೆಳಗಿನ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಕಾಯುವುದು. ಕಲೆ ಗೆರೆ ದಾಟಿದರೆ ವಾಟರ್‌ಪ್ರೂಫಿಂಗೋ ಟ್ರ್ಯಾಪಿನ ಸಂದೋ ಕೈಕೊಟ್ಟಿದೆ. 302ರದ್ದು ಡಿ, ಪೇಂಟರ್ ಪಾಲಿಗೆ, ಮೇಲಿನ ಸಾಲು ಮುಗಿದು ಸೀಲಿಂಗ್ ಒಣಗುವವರೆಗೆ ಮುಟ್ಟಕೂಡದು ಎಂಬ ಷರತ್ತಿನೊಂದಿಗೆ.

ಕೊನೆಯ ದನಿ ಲಿಫ್ಟಿನೊಳಗಿಂದ: "ಎಲ್ಲಾ ಮನೇಲೂ ಇದೇ ಕಥೆ, ಹಾಕ್ಬಿಡು." ನೋಡದ ಮನೆಗೆ ದೋಷ ಹಚ್ಚುವ ಪುಣ್ಯ ನನಗೆ ಬೇಡ. 'ಉಳಿದ ಬಚ್ಚಲುಗಳ ಸೀಲಿಂಗ್ ನೋಡಿ ಬರುವುದು' ಎಂದು ಒಂದೇ ಸಾಲು ಹಾಕಿ, ಹೊಣೆಯ ಕಾಲಮ್ಮಿನಲ್ಲಿ ಸಾಹೇಬರ ಹೆಸರನ್ನೇ ಬರೆದೆ.

ಪಟ್ಟಿ ಕಳಿಸಿದ ಸ್ವಲ್ಪ ಹೊತ್ತಿಗೆ ಮತ್ತೊಂದು ದನಿ ಬಂತು. ರೇಲಿಂಗಿನ ಸುದ್ದಿಯಿಲ್ಲ, 402ರ ಸುದ್ದಿಯಿಲ್ಲ. "ಪೇಂಟ್ ಹನಿಗೆ ಡಿ ಯಾಕಪ್ಪಾ ಕೊಟ್ಟೆ?"