ಸ್ವೆಟರ್ ಸಂಕೋಚ ಮೀಮಾಂಸೆ: ಬಾಗಲೂರು ಪ್ರಕರಣ

ಈ ಪ್ರಬಂಧಕ್ಕೆ ಆಕರ ಒಂದೇ: ನಮ್ಮತ್ತೆ ಹೆಣೆದುಕೊಟ್ಟ ಬೂದು ಬಣ್ಣದ ಉಣ್ಣೆ ಸ್ವೆಟರು. ಧನುರ್ಮಾಸದಲ್ಲಿ ಬಾಗಲೂರಿನಿಂದ ಹೊಸೂರಿಗೆ ಬೆಳಗಿನ ಬಸ್ಸು ಹಿಡಿಯುವವರಿಗೆ ಅದರ ಮಹಿಮೆ ಬಿಡಿಸಿ ಹೇಳಬೇಕಿಲ್ಲ. ಒಗೆಯುವ ಮುನ್ನ ತೋಳಿನ ಉದ್ದ 22 ಇಂಚು, ಒಗೆದ ಮೇಲೆ 14. ಆ 8 ಇಂಚು ಎಲ್ಲಿ ಹೋಯಿತೆಂಬುದೇ ಇಲ್ಲಿನ ಜಿಜ್ಞಾಸೆ.

ಪೂರ್ವಪಕ್ಷ ನನ್ನದು: ಒಗೆದದ್ದು ಮಷೀನು, ಹೊಣೆಯೂ ಅದರದೇ. ಮನೆಯವಳು ಇದನ್ನು ಒಂದೇ ವಾಕ್ಯದಲ್ಲಿ ಖಂಡಿಸಿದಳು: "ಕಾಟನ್‌ಗೆ, 60 ಡಿಗ್ರಿಗೆ ತಿರುಗಿಸಿದ್ದು ಯಾರ ಕೈ?"

ಇನ್ನು ಸಿದ್ಧಾಂತ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಸಣ್ಣ ಪೊರೆಗಳಿವೆ, ಎಲ್ಲವೂ ತುದಿಯ ಕಡೆಗೇ ಬಾಗಿವೆ. ಚಿಕ್ಕಂದಿನಲ್ಲಿ ಮುಳ್ಳುಹುಲ್ಲಿನ ತೆನೆಯನ್ನು ಅಂಗಿಯ ತೋಳಿಗೆ ತೂರಿಸಿ ಕೈ ಆಡಿಸಿದವರಿಗೆ ಗೊತ್ತು, ಅದು ಮೇಲೇರುತ್ತದೆಯೇ ಹೊರತು ಹಿಂದಿರುಗುವುದಿಲ್ಲ. ಉಣ್ಣೆಯೂ ಹಾಗೆಯೇ. ಬಿಸಿನೀರು, ಖಾರವಾದ ಸೋಪಿನ ಪುಡಿ ಸೇರಿ ಎಳೆಯನ್ನು ಉಬ್ಬಿಸಿ ಸಡಿಲಿಸುತ್ತವೆ. ಉಜ್ಜಾಟ ಒಂದೊಂದನ್ನೂ ಬುಡದ ದಿಕ್ಕಿಗೆ ತಳ್ಳುತ್ತದೆ. ಪಕ್ಕದೆಳೆಯ ಪೊರೆ ಹಿಡಿದುಕೊಳ್ಳುತ್ತದೆ. ನಿಜವಾದ ಅಪರಾಧಿ ಉಜ್ಜಾಟವೇ. ಉಗುರುಬೆಚ್ಚನೆ ನೀರಿನಲ್ಲಿ ಅಲುಗದೆ ಕೂತ ಸ್ವೆಟರು ಕುಗ್ಗುವುದಿಲ್ಲ. ಕಾಶ್ಮೀರದಲ್ಲಿ ಬೇಕೆಂದೇ ಉಣ್ಣೆಯನ್ನು ಸೋಪುನೀರಿನಲ್ಲಿ ಉರುಳಿಸಿ ತುಳಿದು ನಮ್ದಾ ಎಂಬ ಹಾಸು ಮಾಡುತ್ತಾರೆ. ಅವರಿಗೆ ಕೂಲಿ ಸಿಗುತ್ತದೆ, ನನಗೆ ಸಿಕ್ಕಿದ್ದು ಬೇರೆ.

ಗುರುತು ಹಿಡಿಯುವ ಬಗೆ: ಹೆಣಿಗೆಯ ಕಣ್ಣುಗಳು ಇನ್ನೂ ಬೇರೆ ಬೇರೆ ಕಾಣುತ್ತಿದ್ದರೆ, ಒದ್ದೆಯಲ್ಲಿ ಮೆಲ್ಲಗೆ ಎಳೆದು ಹಳೆಯ ಅಳತೆಗೆ ತರಬಹುದು. ಕಣ್ಣು ಮುಚ್ಚಿ ಬಟ್ಟೆ ದಪ್ಪ ರಟ್ಟಿನಂತಾಗಿದ್ದರೆ ಮುಗಿಯಿತು. ನಾನು ಎರಡು ದಿನ ಹಗ್ಗಕ್ಕೆ ನೇತುಹಾಕಿ ಕಾದೆ. ಉದ್ದವಾದದ್ದು ಅತ್ತೆಯವರ ಮುಖ ಮಾತ್ರ.

ಮನೆಯಲ್ಲಿ ಉಳಿದಿದ್ದ ಉಣ್ಣೆಯ ಶಾಲಿಗೆ ಪ್ರಾಯಶ್ಚಿತ್ತ ವಿಧಿ ಹೀಗಾಯಿತು. ಮಷೀನಿನಲ್ಲಾದರೆ ವೂಲ್ ಮೋಡ್: ಡ್ರಮ್ಮು ತೊಟ್ಟಿಲಿನಂತೆ ತೂಗಿ ತೂಗಿ ನಿಲ್ಲುತ್ತದೆ, ನೀರು 30 ಡಿಗ್ರಿಯ ಆಸುಪಾಸು, ಹಿಂಡುವ ವೇಗವೂ ಕಡಿಮೆ. ನನ್ನ ಮೇಲೆ ನಂಬಿಕೆ ಹೋಗಿದ್ದರಿಂದ ಕೈಗೇ ಒಪ್ಪಿಸಲಾಯಿತು. ಟಬ್ಬಿನಲ್ಲಿ ಅಂಟುವಾಳದ ನೀರು. ಮೊಣಕೈ ಅದ್ದಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಶಾಲನ್ನು ಒತ್ತಿ ಬಿಡುವುದು, ಒತ್ತಿ ಬಿಡುವುದು, ಐದೇ ನಿಮಿಷ. ಉಜ್ಜಲು ಬೆರಳು ಚಾಚಿದಾಗೆಲ್ಲ ಹಿಂದಿನಿಂದ ಕೆಮ್ಮು ಕೇಳಿಸುತ್ತಿತ್ತು. ಜಾಲಿಸುವುದೂ ಅಷ್ಟೇ ಬೆಚ್ಚನೆಯ ನೀರಿನಲ್ಲಿ. ಆಮೇಲೆ ಟವೆಲಿನಲ್ಲಿ ಸುರುಳಿ ಸುತ್ತಿ ಅದುಮಿ, ನೆರಳಿನಲ್ಲಿ ಚಾಪೆಯ ಮೇಲೆ ಹರಡುವುದು. ತಂತಿಗೆ ಹಾಕಿದರೆ ನೀರಿನ ಭಾರಕ್ಕೆ ಜೋಲುತ್ತದೆ.

ಶಾಲು ಉಳಿಯಿತು. ಸ್ವೆಟರನ್ನು ಅತ್ತೆ ಕತ್ತರಿ ಹಿಡಿದು ಚೌಕವಾಗಿ ಕತ್ತರಿಸಿದರು. ಒಂದೆಳೆಯೂ ಬಿಚ್ಚಲಿಲ್ಲ. "ಒಳ್ಳೇ ಗಟ್ಟಿ ಮಾಡಿದ್ದೀರಿ ಅಳಿಯಂದಿರೆ" ಎಂದು ಅದರ ಮೇಲೆ ಬಿಸಿ ಸಾರಿನ ಪಾತ್ರೆ ಇಳಿಸಿದರು.