ಪದ್ಮ ನಿಲಯ ಪದ ನಿಲಯವಾದದ್ದು

ಮನೆಗೆ ಹೆಸರಿಡುವಾಗ ಜಾತಕ, ಜ್ಯೋತಿಷಿ, ಅತ್ತೆ, ಸೊಸೆ ಎಲ್ಲರ ಒಪ್ಪಿಗೆಯೂ ಬೇಕು. ಆ ಹೆಸರನ್ನು ಗೋಡೆಗೆ ಯಾವ ಸ್ಕ್ರೂನಿಂದ ಹೊಡೆಯಬೇಕು ಎನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ ಮಾರಾಯ್ರೆ. ನಮ್ಮ ಕರಾವಳಿಯ ಮಳೆ ಅದನ್ನು ತಾನೇ ವಿಚಾರಿಸಿಕೊಳ್ಳುತ್ತದೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಗೃಹಪ್ರವೇಶಕ್ಕೆ ಹೊಳೆಯುವ ಸ್ಟೀಲ್ ಅಕ್ಷರಗಳನ್ನು ತರಿಸಿ, ಒಂದೊಂದನ್ನೂ ಗೋಡೆಗೆ ಅಂಟಿಸಿದ್ದರು: ‘ಪದ್ಮ ನಿಲಯ’. ಆಷಾಢ ಕಳೆಯುವಷ್ಟರಲ್ಲಿ ಮ-ಒತ್ತು ಗೇಟಿನ ಬುಡದಲ್ಲಿತ್ತು. ಗೋಡೆಯಲ್ಲಿ ಉಳಿದದ್ದು ‘ಪದ ನಿಲಯ’. ಮೇಷ್ಟ್ರ ಮಾತಿನ ಮಳೆಗೆ ಒಮ್ಮೆಯಾದರೂ ಸಿಕ್ಕಿದವರೆಲ್ಲ ಹೆಸರು ಈಗಲೇ ಸರಿಯಾಯಿತು ಎಂದರು. ನಗಬೇಡಿ, ಇದು ಕನ್ನಡಕ್ಕೇ ಬಂದ ಕಷ್ಟ. ನಮ್ಮ ಒತ್ತು, ಅರ್ಕಾವತ್ತು, ಸೊನ್ನೆ ಎಲ್ಲ ಬಿಡಿ ಬಿಡಿ ತುಂಡುಗಳು. ಬೆರಳಗಲದ ಆ ಚೂರಿನ ಬೆನ್ನಿಗೆ ಅಂಟು ಹತ್ತುವ ಜಾಗವೇ ಇಲ್ಲ. ಆದ್ದರಿಂದ ಹೆಸರಿನಲ್ಲಿ ಒತ್ತಕ್ಷರ ಇರುವವರು ಬಿಡಿ ಅಕ್ಷರದ ಆಸೆ ಬಿಟ್ಟು, ಒಂದೇ ಫಲಕದಲ್ಲಿ ಕೆತ್ತಿಸಿಕೊಳ್ಳುವುದೇ ಮೇಲು.

ಹಾಗಾದರೆ ಫಲಕ ಯಾವುದರದ್ದು? ಮೇಷ್ಟ್ರಿಗೆ ಮೊದಲು ಹಿತ್ತಾಳೆಯ ಮೇಲೆ ಮನಸ್ಸಾಯಿತು. ಹಿತ್ತಾಳೆ ಚೆಂದವೇ, ಆದರೆ ಉಪ್ಪುಗಾಳಿಗೆ ವಾರದಲ್ಲೇ ಮಂಕಾಗುತ್ತದೆ. ದೀಪದ ಕಂಬದ ಜೊತೆಗೆ ಬೋರ್ಡಿಗೂ ಹುಣಸೆಹುಳಿ ತಿಕ್ಕುವ ಉತ್ಸಾಹ ಮನೆಯಲ್ಲಿ ಯಾರಿಗಿದೆ ಎಂದು ಮೊದಲೇ ಕೇಳಿಕೊಳ್ಳಿ. ಅಂಗಡಿಯವರು ಮೇಲೆ ಲ್ಯಾಕರ್ ಹೊಡೆದಿದೆ, ಕಪ್ಪಾಗುವುದಿಲ್ಲ ಎನ್ನುತ್ತಾರೆ. ಲ್ಯಾಕರ್ ಒಂದು ಕಡೆ ಬಿರಿದರೆ ಅದರ ಅಡಿಯಲ್ಲೇ ಕಪ್ಪು ಹಬ್ಬುತ್ತದೆ, ಆಮೇಲೆ ಹುಣಸೆಹುಳಿಯೂ ಅಲ್ಲಿಗೆ ಇಳಿಯದು.

ಸ್ಟೀಲಿಗೆ ತುಕ್ಕೇ ಇಲ್ಲ ಎನ್ನುವುದು ಬಯಲುಸೀಮೆಯ ಮಾತು. ಪೇಟೆಯಲ್ಲಿ ಒಳ್ಳೆಯದೆಂದು ಕೊಡುವ 304 ಕೂಡ ಕಡಲ ಹತ್ತಿರ ಚಹಾ ಚೆಲ್ಲಿದಂತೆ ಕಂದು ಕಲೆ ಹಿಡಿಯುತ್ತದೆ. ಉಪ್ಪನ್ನು ತಡೆಯಲು ಮಾಲಿಬ್ಡಿನಂ ಸೇರಿಸಿದ 316 ಬೇಕು. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುವ ಜಾಣರಿದ್ದಾರೆ, ಪಾಪ; ಅಯಸ್ಕಾಂತಕ್ಕೆ ಇವೆರಡರ ವ್ಯತ್ಯಾಸ ತಿಳಿಯದು. ಬಿಲ್ಲಿನಲ್ಲಿ 316 ಎಂದು ಬರೆದುಕೊಡಲು ಹೇಳಿ. ಅಂಗಡಿಯವರು ತಲೆ ಕೆರೆದುಕೊಂಡರೆ ನಿಮಗೆ ಉತ್ತರ ಸಿಕ್ಕಿತು.

ಅಕ್ರಿಲಿಕ್ ಅಷ್ಟು ಕೆಟ್ಟದ್ದಲ್ಲ. ಬಿಸಿಲಿಗೆ ಬಣ್ಣಗೆಡುವುದು ಹೆಚ್ಚಾಗಿ ಅದರ ಮೇಲಿನ ಸ್ಟಿಕ್ಕರ್. ಹಾಳೆ ಒಳ್ಳೆಯದಾದರೆ ಬಹಳ ಕಾಲ ಹಳದಿಯಾಗುವುದಿಲ್ಲ. ಆದರೆ ಅದು ಬಿಸಿಲಿಗೆ ಹಿಗ್ಗುತ್ತದೆ. ಒಂದೂವರೆ ಅಡಿ ಉದ್ದದ ಫಲಕ ಬೆಳಗಿನ ತಂಪಿನಿಂದ ಮಧ್ಯಾಹ್ನದ ಕಾವಿಗೆ ಹೆಚ್ಚುಕಡಿಮೆ ಒಂದು ಮಿ.ಮೀ. ಬೆಳೆಯುತ್ತದೆ. ತೂತು ಸ್ಕ್ರೂವಿನಷ್ಟೇ ಇದ್ದು ಬಿಗಿಯಾಗಿ ತಿರುಗಿಸಿದರೆ, ಹಿಗ್ಗಲು ಜಾಗವಿಲ್ಲದೆ ತೂತಿನಿಂದಲೇ ಬಿರುಕು ಹೊರಡುತ್ತದೆ. ತೂತು ಎರಡು ಮಿ.ಮೀ. ದೊಡ್ಡದಿರಲಿ.

ಕೊನೆಗೆ ಮೇಷ್ಟ್ರು ಕರಿ ಗ್ರಾನೈಟಿಗೆ ಒಪ್ಪಿದರು. ಪಡುವಣಕ್ಕೆ ಮುಖ ಮಾಡಿ ಮಳೆಯ ಹೊಡೆತ ತಿನ್ನುವ ಗೋಡೆಗೆ ನನ್ನ ಮತವೂ ಅದಕ್ಕೇ. ಕೆತ್ತಿದ ಅಕ್ಷರದೊಳಗಿನ ಬಂಗಾರದ ಬಣ್ಣ ಕೆಲವು ವರ್ಷಕ್ಕೆ ಮಾಸುತ್ತದೆ, ಸಣ್ಣ ಬ್ರಷ್ಷಿನಿಂದ ಮತ್ತೆ ತುಂಬಿದರಾಯಿತು. ಅಕ್ಷರ ಮಾತ್ರ ಎಲ್ಲಿಗೂ ಹೋಗದು. ತೊಂದರೆಯೆಂದರೆ ತೂಕ. ಒಂದು ಅಡಿ ಎತ್ತರ, ಒಂದೂವರೆ ಅಡಿ ಅಗಲ, 18 ಮಿ.ಮೀ. ದಪ್ಪದ ಕಲ್ಲು ಆರೂವರೆ ಕಿಲೋ ದಾಟುತ್ತದೆ.

ಇದನ್ನು ಅಂಟಿನಲ್ಲೇ ಕೂರಿಸುತ್ತೇನೆ ಎಂದ ಕೆಲಸದವನೂ ಒಬ್ಬ ಬಂದಿದ್ದ. ಅಂಟು ಗಟ್ಟಿಯೇ ಸ್ವಾಮಿ, ಆದರೆ ಅದು ಹಿಡಿಯುವುದು ಗೋಡೆಯನ್ನಲ್ಲ, ಗೋಡೆಯ ಮೇಲಿನ ಪೇಂಟನ್ನು. ಪೇಂಟು ಒದ್ದೆಯಾಗಿ ಎದ್ದಿತೆಂದರೆ ಕಲ್ಲು ಪೇಂಟಿನ ಸಮೇತ ಕೆಳಗಿಳಿಯುತ್ತದೆ, ಆಗ ಕೆಳಗೆ ಯಾರ ಕಾಲಿರುತ್ತದೋ. ಡಬಲ್ ಟೇಪಿನ ಕತೆಯೂ ಇದೇ.

ಸ್ಕ್ರೂವೇ ಸರಿ, ಆದರೆ ಎಷ್ಟು ಉದ್ದದ್ದು? ಬೋರ್ಡುಗಳ ಜೊತೆಗೆ ಪುಕ್ಕಟೆ ಬರುವ ಒಂದಿಂಚಿನ ಸ್ಕ್ರೂ ಗಾರೆಯಲ್ಲೇ ಮುಗಿದುಹೋಗುತ್ತದೆ. ಗಾರೆ ಗೋಡೆಯ ಅಂಗಿ, ಮೈಯಲ್ಲ. ಲೆಕ್ಕ ಹಾಕಿ: ಗ್ರಾನೈಟ್ 18, ಗಾರೆ ಸುಮಾರು 15, ಅದರಾಚೆ ಗೋಡೆಯ ಕಲ್ಲಿನೊಳಗೆ ಪ್ಲಗ್ 40. ಒಟ್ಟು 73 ಮಿ.ಮೀ.; ಅಂದರೆ ಮೂರಿಂಚಿನ ಸ್ಟೇನ್‌ಲೆಸ್ ಸ್ಕ್ರೂ, ಅದಕ್ಕೊಪ್ಪುವ ನೈಲಾನ್ ಪ್ಲಗ್. ಸತುವಿನ ಲೇಪದ ಅಗ್ಗದ ಕಬ್ಬಿಣದ ಸ್ಕ್ರೂ ಹಾಕಿದರೆ ಮೊದಲ ಮಳೆಗಾಲಕ್ಕೇ ಬಿಳಿ ಗೋಡೆಯ ಮೇಲೆ ಕೆಂಪು ಗೆರೆ ಇಳಿಯುತ್ತದೆ. ಕಲ್ಲಿನ ನಾಲ್ಕು ಮೂಲೆಯ ತೂತುಗಳನ್ನು ಅಂಚಿನಿಂದ ಒಂದೂವರೆ ಇಂಚು ಒಳಗೆ, ಕೆತ್ತುವ ಅಂಗಡಿಯಲ್ಲೇ ಕೊರೆಸಿ. ಮನೆಯಲ್ಲಿ ಕೊರೆಯಲು ಹೋಗಿ ಮೂಲೆ ಸಿಡಿಸಬೇಡಿ.

ಗೋಡೆಗೆ ಡ್ರಿಲ್ ಹಿಡಿಯುವ ಮುನ್ನ ಆ ಜಾಗವನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಡಬಡಬ ಎಂದರೆ ಗಾರೆ ಗೋಡೆ ಬಿಟ್ಟಿದೆ. ಬೇರೆ ಜಾಗ ಹುಡುಕಿ, ಇಲ್ಲವೇ ಗಾರೆ ಕಿತ್ತು ಹೊಸದು ಮಾಡಿಸಿ. ಕರೆಗಂಟೆಯ ಸ್ವಿಚ್ಚಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ, ವೈರಿನ ಪೈಪು ಸಾಮಾನ್ಯವಾಗಿ ಅದೇ ದಾರಿ ಹಿಡಿದಿರುತ್ತದೆ. ಕಲ್ಲನ್ನು ಕಾಗದದ ಮೇಲಿಟ್ಟು ತೂತುಗಳನ್ನು ಗುರುತಿಸಿ, ಆ ಕಾಗದವನ್ನು ರಸಮಟ್ಟ ಹಿಡಿದು ಗೋಡೆಗೆ ಟೇಪಿನಿಂದ ಅಂಟಿಸಿ, ಅದರ ಮೇಲಿಂದಲೇ ಕೊರೆಯಿರಿ.

ಕೊರೆಯುವಾಗ ಕಣ್ಣು ಪುಡಿಯ ಮೇಲಿರಲಿ. ಮೊದಲು ಬೂದು ಬಣ್ಣದ ಪುಡಿ ಬರುತ್ತದೆ, ಅದು ಗಾರೆ. ಕೆಂಪು ಪುಡಿ ಕಾಣಿಸಿದಲ್ಲಿಂದ ಗೋಡೆ ಶುರು. ಪ್ಲಗ್ಗಿನ ಆಳವನ್ನು ಅಲ್ಲಿಂದ ಲೆಕ್ಕ ಹಿಡಿಯಿರಿ. ನಮ್ಮ ಮುರಕಲ್ಲು ಮೆತ್ತಗಿನ ಜೀವ. ಅದಕ್ಕೆ ಡ್ರಿಲ್ಲಿನ ಹ್ಯಾಮರ್ ಹಾಕಿದರೆ ತೂತು ಬಾವಿಯಾಗಿ ಪ್ಲಗ್ ಒಳಗೆ ಗಿರಗಿರ ತಿರುಗುತ್ತದೆ. ಹ್ಯಾಮರ್ ಗಾರೆಗಷ್ಟೇ ಸಾಕು, ಕೆಂಪು ಬಂದಕೂಡಲೇ ಆಫ್ ಮಾಡಿ. ಪುಡಿಯನ್ನು ಚೆನ್ನಾಗಿ ಊದಿ ತೆಗೆಯಿರಿ. ಪ್ಲಗ್ ಕೂರಿಸಿದ ಮೇಲೆ ಬರೀ ಸ್ಕ್ರೂ ಒಂದನ್ನು ತಿರುಗಿಸಿ ಕೈಯಿಂದ ಎಳೆಯಿರಿ. ಅದು ಅಲ್ಲಾಡಿದರೆ ಆ ತೂತಿಗೆ ಸಿಮೆಂಟ್ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆಯಬೇಕು. ಮೇಷ್ಟ್ರು ಬೆಂಕಿಕಡ್ಡಿ ಸಿಕ್ಕಿಸಿ ಮುಗಿಸೋಣ ಎಂದರು. ನಾನು ಅವರ ಕಾಲಿನ ಕಡೆ ನೋಡಿದೆ, ಅವರು ಸಿಮೆಂಟ್ ತರಲು ಹೋದರು.

ಸ್ಕ್ರೂ ತಲೆಯ ಅಡಿಗೆ ನೈಲಾನ್ ವಾಷರ್ ಇರಲಿ, ಕೈಗೆ ಬಿಗಿ ಎನ್ನಿಸಿದಲ್ಲಿ ನಿಲ್ಲಿಸಿ. ಮತ್ತೂ ಶಕ್ತಿ ತೋರಿಸಿದರೆ ಕಲ್ಲು ಸೀಳುತ್ತದೆ. ಉಳಿದದ್ದು ನೀರು. ಮೇಲಂಚಿಗೆ ಮತ್ತು ಎರಡು ಬದಿಗೆ ಸಿಲಿಕಾನ್ ಎಳೆಯಿರಿ, ಕೆಳಗಿನ ಅಂಚನ್ನು ತೆರೆದೇ ಬಿಡಿ. ನಾಲ್ಕೂ ಕಡೆ ಮುಚ್ಚಿದರೆ ಹೇಗೋ ಒಳಗೆ ಹೋದ ನೀರಿಗೆ ಹೊರಬರುವ ದಾರಿಯಿಲ್ಲದೆ ಪೇಂಟು ಗುಳ್ಳೆ ಏಳುತ್ತದೆ. ಸಿಲಿಕಾನಿನಲ್ಲೂ ಎರಡು ಬಗೆ. ವಿನೆಗರಿನ ಹುಳಿ ವಾಸನೆ ಬರುವುದು ಗಾಜಿಗೆ ಒಳ್ಳೆಯದು. ಸಿಮೆಂಟ್ ಗೋಡೆಗೆ ಸರಿಯಾಗಿ ಅಂಟುವುದಿಲ್ಲ, ಹಿತ್ತಾಳೆಯನ್ನೂ ತಿನ್ನುತ್ತದೆ. ಟ್ಯೂಬಿನ ಮೇಲೆ ‘ನ್ಯೂಟ್ರಲ್’ ಎಂದಿರುವುದನ್ನು ಕೇಳಿ ತನ್ನಿ. ಇದೆಲ್ಲ ಗೋಡೆ ಪೂರ್ತಿ ಒಣಗಿರುವಾಗ ಮಾಡುವ ಕೆಲಸ. ಮಳೆ ನಿಂತ ಮರುದಿನವೇ ಡ್ರಿಲ್ ಎತ್ತಬೇಡಿ, ದೀಪಾವಳಿ ಕಳೆಯಲಿ.

ಹೊಸ ಕಲ್ಲಿನಲ್ಲಿ ತಮ್ಮ ಮೂರು ಡಿಗ್ರಿಗೂ ‘ನಿವೃತ್ತ ಮುಖ್ಯೋಪಾಧ್ಯಾಯ’ಕ್ಕೂ ಮೇಷ್ಟ್ರು ಜಾಗ ಮಾಡಿಸಿದ್ದರು, ಮನೆ ನಂಬರಿಗೆ ಮಾತ್ರ ಜಾಗ ಸಾಲಲಿಲ್ಲ. ಕೊರಿಯರ್ ಹುಡುಗ ಇಂದಿಗೂ ನಮ್ಮ ಮನೆ ಬಾಗಿಲು ಬಡಿಯುತ್ತಾನೆ. ನೀವು ಕೆತ್ತಿಸುವಾಗ ದಯವಿಟ್ಟು ನಂಬರಿನಿಂದಲೇ ಶುರು ಮಾಡಿ.